ಪಾಲುದಾರಿಕೆ ಮತ್ತು ಕಂಪನಿ: ನಾಳೆಯ ಪರೀಕ್ಷೆಗೆ ಒಂದು ಪಟ್ಟಿ

ಉದಾಹರಣೆ ನಮ್ಮೂರಿನದೇ ಇರಲಿ. ಚಿಕ್ಕಮಗಳೂರಲ್ಲಿ ಇಬ್ಬರು ಗೆಳೆಯರು ಕಾಫಿಪುಡಿ ಅಂಗಡಿ ಇಟ್ಟಿದ್ದಾರೆ. ಬೀಜ ಕೊಟ್ಟ ಬೆಳೆಗಾರನಿಗೆ 8 ಲಕ್ಷ ಬಾಕಿ.

| | ಪಾಲುದಾರಿಕೆ (1932ರ ಕಾಯ್ದೆ) | ಕಂಪನಿ (2013ರ ಕಾಯ್ದೆ) |
|---|---|---|
| ಹೊಣೆ | ಮಿತಿ ಇಲ್ಲ. ಬೆಳೆಗಾರ ಪೂರ್ತಿ 8 ಲಕ್ಷವನ್ನು ಒಬ್ಬನಿಂದಲೇ ಕೇಳಬಹುದು (ಸೆಕ್ಷನ್ 25). ಅಂಗಡಿ ಆಸ್ತಿ ಸಾಲದಿದ್ದರೆ ಅವನ ಮನೆ, ತೋಟಕ್ಕೂ ಬರಬಹುದು. ಕೊಟ್ಟವನು ಆಮೇಲೆ ಗೆಳೆಯನ ಪಾಲು ವಸೂಲಿ ಮಾಡಿಕೊಳ್ಳಬೇಕು | ಷೇರಿನ ಬಾಕಿ ಹಣದಷ್ಟೇ. 10 ರೂಪಾಯಿ ಷೇರಿಗೆ 6 ಕಟ್ಟಿದ್ದರೆ ಇನ್ನು 4 ಕೊಟ್ಟರೆ ಮುಗಿಯಿತು |
| ಸ್ಥಾಪನೆ | ಒಪ್ಪಂದ ಸಾಕು, ಬಾಯಿಮಾತಾದರೂ ಸರಿ. ಕನಿಷ್ಠ 2, ಗರಿಷ್ಠ 50 ಜನ | ನೋಂದಣಿ ಕಡ್ಡಾಯ. ಪ್ರೈವೇಟ್: 2ರಿಂದ 200. ಪಬ್ಲಿಕ್: ಕನಿಷ್ಠ 7 |
| ವಿಸರ್ಜನೆ | ಎಲ್ಲರೂ ಒಪ್ಪಿದರೆ, ನೋಟಿಸ್‌ನಿಂದ (ಇಚ್ಛಾನುಸಾರದ ಪಾಲುದಾರಿಕೆ ಮಾತ್ರ), ಅಥವಾ ಕೋರ್ಟಿನಿಂದ. ಪಾಲುದಾರ ಸತ್ತರೂ ಮುಗಿಯುತ್ತದೆ, ಒಪ್ಪಂದ ಬೇರೆ ಹೇಳದಿದ್ದರೆ | ಸದಸ್ಯ ಸತ್ತರೂ ನಡೆಯುತ್ತದೆ. ಮುಚ್ಚಲು ಕಾನೂನಿನ ಪ್ರಕ್ರಿಯೆಯೇ ಬೇಕು |

ಎಲ್ಲರೂ ಜಾರುವುದು ಇಲ್ಲೇ: ಫರ್ಮಿನ ನೋಂದಣಿ ಕಡ್ಡಾಯ ಅಲ್ಲ ಅಂತ ಬರೆದು ಸುಮ್ನೆ ನಿಲ್ಲಿಸುತ್ತೀರಿ, ಅಲ್ವಾ? ಸೆಕ್ಷನ್ 69 ಸೇರಿಸಿ. ನೋಂದಣಿ ಇಲ್ಲದಿದ್ದರೆ ಕಾಫಿಪುಡಿಯನ್ನು ಸಾಲಕ್ಕೆ ಒಯ್ದ ಹೋಟೆಲಿನವನ ಮೇಲೆ ಫರ್ಮ್ ದಾವೆ ಹೂಡುವಂತಿಲ್ಲ. ಅವನು ಮಾತ್ರ ಇವರ ಮೇಲೆ ಹೂಡಬಹುದು!