ಏಳನೇ ತರಗತಿಯ ಪೋಷಕರಿಗೆ: ಮಕ್ಕಳು ಕಲಿಯುತ್ತಿರುವ ಬೈಗುಳಗಳ ಕುರಿತು

ಶಿಡ್ಲಘಟ್ಟ ತಾಲ್ಲೂಕು
15 ಜುಲೈ 2024

ಮಾನ್ಯ ಪೋಷಕರೇ,

ನಮಸ್ಕಾರ. ಈ ವರ್ಷ ಶಾಲೆ ಆರಂಭವಾದಾಗಿನಿಂದ ನಮ್ಮ ತರಗತಿಯ ಮಕ್ಕಳ ಬಾಯಲ್ಲಿ, ಕಬಡ್ಡಿ ಆಡುವಾಗಲೂ ಬಿಸಿಯೂಟದ ಸಾಲಿನಲ್ಲಿ ನಿಂತಾಗಲೂ, ಕೆಲವು ಬೈಗುಳಗಳು ಪದೇ ಪದೇ ಕೇಳಿಬರುತ್ತಿವೆ. ಈ ವಿಷಯದಲ್ಲಿ ನಿಮ್ಮ ನೆರವು ಬೇಕಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಕೆಲವು ಪದಗಳನ್ನು ಇಲ್ಲಿ ಬರೆಯಲೇಬೇಕಾಗಿದೆ; ದಯವಿಟ್ಟು ಅನ್ಯಥಾ ಭಾವಿಸಬೇಡಿ.

ಕಳೆದ ವಾರ ಗೆಳೆಯನನ್ನು ‘ಬೋಳಿಮಗ’ ಎಂದ ಒಬ್ಬ ಹುಡುಗನನ್ನು ಕರೆದು ಅದರ ಅರ್ಥ ಕೇಳಿದೆ. ‘ತಲೆ ಬೋಳಾಗಿರೋನು, ಮಿಸ್’ ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಗಂಡ ಸತ್ತ ಹೆಂಗಸಿನ ತಲೆ ಬೋಳಿಸುತ್ತಿದ್ದ ಕಾಲದಲ್ಲಿ ಹುಟ್ಟಿದ ಮಾತು ಅದು. ವಿಧವೆಯ ಮಗ, ಅಂದರೆ ತಂದೆ ಯಾರೆಂದು ತಿಳಿಯದವನು ಎಂಬ ಹೀಯಾಳಿಕೆ ಅದರಲ್ಲಿದೆ. ‘ಮುಂಡೆ’ ಎಂಬುದಕ್ಕೂ ವಿಧವೆ ಎಂದೇ ಅರ್ಥ. ತಂದೆಯನ್ನು ಕಳೆದುಕೊಂಡ ಮಕ್ಕಳು ಇದೇ ತರಗತಿಯಲ್ಲಿ ಕುಳಿತಿದ್ದಾರೆ ಎಂಬುದನ್ನು ನೀವೇ ಯೋಚಿಸಿ. ‘ಸೂಳೆಮಗ’ ಎಂಬುದೂ, ನಮ್ಮ ಕಡೆ ಮನೆಮಾತಾಗಿರುವ ತೆಲುಗಿನಿಂದ ಬಂದ ‘ಲಂಜಕೊಡುಕು’ ಎಂಬುದೂ ಒಂದೇ ಅರ್ಥದವು. ಜಗಳ ಇಬ್ಬರು ಹುಡುಗರದ್ದಾದರೂ ಬೈಸಿಕೊಳ್ಳುವವಳು ಮನೆಯಲ್ಲಿರುವ ತಾಯಿ. ಮೊಬೈಲಿನ ರೀಲ್ಸ್ ಮತ್ತು ಆಟಗಳಿಂದ ಬರುತ್ತಿರುವ ಹಿಂದಿ, ಇಂಗ್ಲಿಷ್ ಬೈಗುಳಗಳಲ್ಲಿಯೂ ಬಹುತೇಕ ಇದೇ ತಾಯಿ, ಇದೇ ತಂಗಿ. ‘ಎಂಸಿ’, ‘ಬಿಸಿ’ ಎಂಬ ಎರಡಕ್ಷರಗಳನ್ನು ಮಕ್ಕಳು ಯಾವುದೋ ಕೋಡ್ ಎಂದು ಭಾವಿಸಿದ್ದಾರೆ. ಅವು ತಾಯಿ ಮತ್ತು ತಂಗಿಯೊಡನೆ ಲೈಂಗಿಕ ಸಂಬಂಧವನ್ನು ಕಟ್ಟಿ ಬೈಯುವ ಮಾತುಗಳು.

ಇನ್ನೊಂದು ಬಗೆಯವು ಕೇಳಲು ಮೃದುವಾಗಿದ್ದರೂ ನನ್ನನ್ನು ಹೆಚ್ಚು ಕಳವಳಗೊಳಿಸಿವೆ. ನಿಧಾನವಾಗಿ ಓದುವವನನ್ನು ‘ಮೆಂಟಲ್’ ಎನ್ನುವುದು, ನಡೆಯಲು ತೊಂದರೆ ಇರುವವನನ್ನು ‘ಕುಂಟ’ ಎಂದು ಹೆಸರಿಟ್ಟು ಕರೆಯುವುದು, ಮೆತ್ತಗಿರುವ ಹುಡುಗನನ್ನು ‘ಒಂಬತ್ತು’ ಎಂದು ರೇಗಿಸುವುದು. ಕೊನೆಯದು ಲಿಂಗತ್ವ ಅಲ್ಪಸಂಖ್ಯಾತರನ್ನು ಹೀನಾಯವಾಗಿ ಸೂಚಿಸುವ ಪದ. ಜಾತಿಯ ಹೆಸರನ್ನೇ ಬೈಗುಳವಾಗಿ ಬಳಸಿದ್ದನ್ನೂ ಎರಡು ಸಲ ಕೇಳಿದ್ದೇನೆ. ಆ ಪದಗಳನ್ನು ಇಲ್ಲಿ ಬರೆಯಲಾರೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿಯ ಹೆಸರು ಹಿಡಿದು ನಾಲ್ಕು ಜನರ ಎದುರು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅಂಗವಿಕಲರನ್ನು ಅವಮಾನಿಸಬೇಕೆಂದೇ ಹಾಗೆ ನಿಂದಿಸುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಅಪರಾಧ. ಹನ್ನೆರಡು ವರ್ಷದ ಮಗುವಿಗೆ ಕಾನೂನಿನ ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ, ಆದರೆ ಇವು ‘ಹುಡುಗಾಟದ ಮಾತು’ ಎಂಬ ಪಟ್ಟಿಗೆ ಸೇರುವುದಿಲ್ಲ ಎಂಬುದು ನಮಗೆ, ಹಿರಿಯರಿಗೆ, ತಿಳಿದಿರಬೇಕು.

ಕೆಲವು ಪೋಷಕರು ‘ನಾಲ್ಕು ಬಾರಿಸಿ, ಸರಿಹೋಗ್ತಾನೆ’ ಎಂದಿದ್ದಾರೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅದು ಹಾಗಿರಲಿ, ಹೊಡೆತ ತಿಂದ ಮಗು ಆ ಪದವನ್ನು ಬಿಡುವುದಿಲ್ಲ, ನಮ್ಮ ಕಿವಿಗೆ ಬೀಳದ ಜಾಗ ಹುಡುಕಿಕೊಳ್ಳುತ್ತದೆ. ಮನೆಯಲ್ಲಿ ಅಂಥ ಮಾತು ಕೇಳಿಬಂದಾಗ ಮೊದಲು ನಗಬೇಡಿ, ಮುಖ್ಯವಾಗಿ ಅಜ್ಜ, ಮಾವಂದಿರು ನಗದಂತೆ ನೋಡಿಕೊಳ್ಳಿ; ಚಿಕ್ಕ ಮಗು ಬೈದರೆ ಮುದ್ದೆನಿಸುತ್ತದೆ, ಆ ನಗುವಿಗಾಗಿಯೇ ಅದು ಮತ್ತೆ ಬೈಯುತ್ತದೆ. ಸ್ವಲ್ಪ ಹೊತ್ತಿನ ನಂತರ, ಬೇರೆಯವರು ಇಲ್ಲದಾಗ, ‘ಆ ಮಾತಿನ ಅರ್ಥ ಏನಪ್ಪಾ, ಎಲ್ಲಿ ಕೇಳಿದೆ?’ ಎಂದು ಕೇಳಿ. ಉತ್ತರ ಬಾರದಿದ್ದರೆ ಮುಚ್ಚುಮರೆಯಿಲ್ಲದೆ, ವಯಸ್ಸಿಗೆ ತಕ್ಕಷ್ಟು, ಅರ್ಥ ಹೇಳಿ. ಅರ್ಥ ತಿಳಿದ ಮೇಲೆ ನಾಚಿದ ಮಕ್ಕಳನ್ನು ನಾನು ನೋಡಿದ್ದೇನೆ. ಸಿಟ್ಟು ಬರುವುದು ತಪ್ಪಲ್ಲ ಎಂದೂ ಹೇಳಿ. ‘ನೀನು ಮೋಸದಾಟ ಆಡಿದೆ’, ‘ನನಗೆ ಬೇಜಾರಾಯಿತು’ ಎನ್ನಲು ಬೈಗುಳ ಬೇಕಾಗಿಲ್ಲ. ಬೈಸಿಕೊಂಡು ಬಂದ ಮಗುವಿಗೆ ‘ನೀನೂ ತಿರುಗಿಸಿ ಬೈ’ ಎನ್ನದೆ, ನನಗೆ ಒಂದು ಮಾತು ತಿಳಿಸಿ.

ಮೊಬೈಲನ್ನು ಕಿತ್ತುಕೊಳ್ಳಿ ಎನ್ನುವುದಿಲ್ಲ. ಇಯರ್‌ಫೋನ್ ಇಲ್ಲದೆ, ನಡುಮನೆಯಲ್ಲಿ ನೋಡಲಿ. ಯೂಟ್ಯೂಬ್‌ನ ಸೆಟ್ಟಿಂಗ್ಸ್‌ನಲ್ಲಿ Restricted Mode ಎಂಬುದನ್ನು ಆನ್ ಮಾಡಿದರೆ ಸ್ವಲ್ಪ ಮಟ್ಟಿಗೆ ಸೋಸಿ ಬರುತ್ತದೆ, ಪೂರ್ತಿ ಅಲ್ಲ. ಆದರೆ ನನ್ನ ಅನುಭವದಲ್ಲಿ ಮೇಲಿನ ಹಳೆಯ ಪದಗಳಲ್ಲಿ ಅರ್ಧದಷ್ಟು ಮೊಬೈಲಿನಿಂದ ಬಂದವಲ್ಲ. ಬಸ್ ನಿಲ್ದಾಣ, ಟೀ ಅಂಗಡಿ, ಒಮ್ಮೊಮ್ಮೆ ನಮ್ಮ ಮನೆಯ ಜಗಲಿಯಿಂದಲೇ ಬಂದವು. ದನವನ್ನು ಬೈಯುವಾಗಲೂ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಸ್ಟಾಫ್ ರೂಮಿನಲ್ಲಿ ನಾವೂ ‘ಮೆಂಟಲ್’ ಎಂಬ ಪದ ಬಳಸುತ್ತಿದ್ದುದನ್ನು ಈಗ ಬಿಟ್ಟಿದ್ದೇವೆ.

ಜುಲೈ 20ರ ಶನಿವಾರ ಮಧ್ಯಾಹ್ನ 12 ಗಂಟೆಗೆ ಈ ಬಗ್ಗೆ ತರಗತಿಯಲ್ಲಿ ಸಭೆ ಕರೆದಿದ್ದೇನೆ. ರೇಷ್ಮೆಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ಕೆಲಸವಿದ್ದವರು ಮನೆಯಿಂದ ಒಬ್ಬರನ್ನಾದರೂ ಕಳುಹಿಸಿ. ಅದೂ ಆಗದಿದ್ದರೆ ಮುಂದಿನ ವಾರ ಯಾವ ದಿನವಾದರೂ ಸಂಜೆ ನಾಲ್ಕೂವರೆಯವರೆಗೆ ಶಾಲೆಯಲ್ಲಿಯೇ ಇರುತ್ತೇನೆ. ಯಾವ ಮಗು ಯಾರನ್ನು ಬೈಯಿತು ಎಂದು ಸಭೆಯಲ್ಲಿ ಹೆಸರು ಹೇಳುವುದಿಲ್ಲ, ನೀವೂ ಕೇಳಬೇಡಿ. ಪತ್ರ ಓದಿದ ಗುರುತಿಗೆ ಮಗುವಿನ ಡೈರಿಯಲ್ಲಿ ಸಹಿ ಹಾಕಿ ಕಳುಹಿಸಿ.

ಇಂತಿ ತಮ್ಮ ವಿಶ್ವಾಸಿ,
ತರಗತಿ ಶಿಕ್ಷಕಿ, ಏಳನೇ ತರಗತಿ