ಕೆಲಸ ಸುಧಾರಣೆಯ ಯೋಜನೆ (ಜುಲೈ 28ರ ಪತ್ರದ ಬದಲಿಗೆ)

ದಿನಾಂಕ: 4 ಆಗಸ್ಟ್ 2025, ಸೋಮವಾರ
ಸ್ಥಳ: ಅಕೌಂಟ್ಸ್ ವಿಭಾಗ, ಪೀಣ್ಯ ಕಾರ್ಖಾನೆ
ಯಾರಿಗೆ: ಮಂಜುಳಾ, ಅಕೌಂಟ್ಸ್ ಅಸಿಸ್ಟೆಂಟ್
ಯಾರಿಂದ: ಅಕೌಂಟ್ಸ್ ಮ್ಯಾನೇಜರ್

ಮಂಜುಳಾ ಅವರೇ,

ಜುಲೈ 28ರಂದು ನಿಮಗೆ ಕೊಟ್ಟ ಪತ್ರವನ್ನು ವಾಪಸ್ ಪಡೆದಿದ್ದೇನೆ. ನಿಮ್ಮ ಫೈಲಿನಿಂದಲೂ ತೆಗೆಸಿದ್ದೇನೆ. ಇನ್ನು ಮುಂದೆ ಲೆಕ್ಕಕ್ಕೆ ಬರುವುದು ಈ ಪತ್ರ ಮಾತ್ರ.

ಆ ಪತ್ರದಲ್ಲಿ "ಕೆಲಸದ ಮೇಲೆ ಗಮನವೇ ಇಲ್ಲ", "ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ", "ಧೋರಣೆ ಬದಲಾಯಿಸಿಕೊಳ್ಳಿ" ಎಂದೆಲ್ಲ ಬರೆದಿದ್ದೆ. 15 ದಿನದಲ್ಲಿ ಎಲ್ಲವೂ ಸರಿಹೋಗಬೇಕು ಎಂದೂ ಹೇಳಿದ್ದೆ. ಜುಲೈ 31ರಂದು ನಾವು ಕೂತು ಮಾತಾಡಿದಾಗ ನೀವು ಒಂದೇ ಪ್ರಶ್ನೆ ಕೇಳಿದಿರಿ: "ಏನು ಸರಿಹೋಗಬೇಕು ಸರ್, ಎಷ್ಟು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಎರಡು ದಿನ ಕೂತು ಏಪ್ರಿಲ್‌ನಿಂದ ಜೂನ್‌ವರೆಗಿನ ಬಿಲ್ಲುಗಳನ್ನೆಲ್ಲ ತೆಗೆದು ನೋಡಿದೆ. ಕೆಳಗೆ ಬರೆದಿರುವುದು ಅದರಲ್ಲಿ ಸಿಕ್ಕಿದ್ದು.

ಎಲ್ಲಿ ತೊಂದರೆ ಆಗಿದೆ

ಆ ಮೂರು ತಿಂಗಳಲ್ಲಿ ನೀವು ಟ್ಯಾಲಿಗೆ ಹಾಕಿದ ಪರ್ಚೇಸ್ ಬಿಲ್ಲುಗಳು 640. ತಪ್ಪಾಗಿದ್ದು 52, ಅಂದರೆ ನೂರಕ್ಕೆ ಎಂಟು. ಇದು ಜಾಸ್ತಿಯೇ. ಇದರಲ್ಲಿ 31 ಕಡೆ ವೆಂಡರ್‌ನ ಜಿಎಸ್‌ಟಿ ನಂಬರೋ ಬಿಲ್ ನಂಬರೋ ತಪ್ಪಾಗಿ, 2ಬಿಗೆ ಹೊಂದಿಕೆಯಾಗಿಲ್ಲ. 14 ಬಿಲ್ಲುಗಳು ಹೊಸೂರಿನ ವೆಂಡರ್‌ಗಳದ್ದು. ತಮಿಳುನಾಡಿನಿಂದ ಬಂದ ಮಾಲಿಗೆ ಐಜಿಎಸ್‌ಟಿ ಬರಬೇಕು, ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಎಂದು ಹಾಕಿದ್ದೀರಿ. ಉಳಿದ 7 ಬಿಲ್ಲು ಎರಡು ಸಲ ಎಂಟ್ರಿ ಆಗಿವೆ. ಅದರಲ್ಲಿ ಎರಡಕ್ಕೆ ಹಣವೂ ಎರಡು ಸಲ ಹೋಯಿತು. ಒಟ್ಟು 38,400 ರೂಪಾಯಿ. ಎರಡೂ ಕಡೆಯಿಂದ ವಾಪಸ್ ಬಂದಿದೆ. ಆದರೂ ನಾನು ಫೋನ್ ಮಾಡಿ ಕೇಳಬೇಕಾಯಿತು, ಅದು ನನಗೂ ಮುಜುಗರ.

ಸಣ್ಣ ಉದ್ದಿಮೆಗಳ ಬಿಲ್ಲುಗಳಲ್ಲಿ 11ಕ್ಕೆ 45 ದಿನ ದಾಟಿ ಹಣ ಹೋಗಿದೆ. ಹಳೆಯ ಪತ್ರದಲ್ಲಿ ಹನ್ನೊಂದನ್ನೂ ನಿಮ್ಮ ತಲೆಗೆ ಕಟ್ಟಿದ್ದೆ. ಆರರಲ್ಲಿ ಸ್ಟೋರ್ಸ್‌ನಿಂದ ಜಿಆರ್‌ಎನ್ ಬಂದದ್ದೇ ತಡವಾಗಿ. ಆ ಆರನ್ನು ತೆಗೆದಿದ್ದೇನೆ. ನಿಮ್ಮ ಮೇಜಿನ ಮೇಲೆ ಕೂತು ತಡವಾದವು ಐದು.

ಏಪ್ರಿಲ್ ತಿಂಗಳ ಟಿಡಿಎಸ್ ಮೇ 7ರ ಬದಲು ಮೇ 12ಕ್ಕೆ ಕಟ್ಟಿದ್ದನ್ನೂ ನಿಮ್ಮ ತಪ್ಪು ಎಂದಿದ್ದೆ. ನಿಮ್ಮ ವರ್ಕಿಂಗ್ ಮೇ 4ಕ್ಕೇ ನನ್ನ ಮೇಲ್‌ಗೆ ಬಂದಿದೆ. ಆ ವಾರ ನಾನು ಕೊಯಮತ್ತೂರಿನಲ್ಲಿದ್ದೆ, ನೋಡಲಿಲ್ಲ. ಬಡ್ಡಿ ಬಿದ್ದದ್ದು ನನ್ನಿಂದ. ಈ ವಿಷಯ ಈ ಯೋಜನೆಯಲ್ಲಿ ಇಲ್ಲ.

ಹಾಜರಿ: "ದಿನಾ ತಡ" ಎಂದು ಬರೆದಿದ್ದು ಸುಳ್ಳು. 74 ಕೆಲಸದ ದಿನಗಳಲ್ಲಿ 13 ದಿನ ನೀವು 15 ನಿಮಿಷಕ್ಕಿಂತ ಜಾಸ್ತಿ ತಡವಾಗಿ ಬಂದಿದ್ದೀರಿ.

ಇನ್ನೊಂದು ಮಾತು ಇಲ್ಲೇ ಬರೆಯಬೇಕು. ಜನವರಿಯಲ್ಲಿ ನಿಮ್ಮ ಪಕ್ಕದ ಸೀಟಿನವರು ಕೆಲಸ ಬಿಟ್ಟರು. ಆ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ. ಅವರ ಪೆಟ್ಟಿ ಕ್ಯಾಶ್, ಖರ್ಚಿನ ವೋಚರ್, ವೆಂಡರ್‌ಗಳ ಫೋನು, ಎಲ್ಲವೂ ಸುಮ್ನೆ ನಿಮ್ಮ ಮೇಜಿಗೆ ಬಂತು. ಅದಕ್ಕೂ ಮೊದಲಿನ ಐದು ವರ್ಷದಲ್ಲಿ ನಿಮ್ಮ ಮೇಲೆ ಇಂಥ ದೂರು ಒಂದೂ ಇಲ್ಲ. ತಪ್ಪಿಗೆ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಹೊಸೂರಿನ ಬಿಲ್ಲಿಗೂ ಕೆಲಸದ ಹೊರೆಗೂ ಸಂಬಂಧವಿಲ್ಲ, ಅದು ನಿಯಮ ಗೊತ್ತಿರಬೇಕಾದ ವಿಷಯ. ಆದರೆ ಹೊರೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಅನ್ಯಾಯವಾಗುತ್ತದೆ.

ಗುರಿಗಳು

*ಬಿಲ್ ಎಂಟ್ರಿ.* ಹಳೆಯ ಪತ್ರದಲ್ಲಿ "ಒಂದೂ ತಪ್ಪು ಇರಬಾರದು" ಎಂದಿತ್ತು. ಜುಲೈ 21ರಿಂದ 23ರವರೆಗೆ ನೀವು ರಜೆಯಲ್ಲಿದ್ದಾಗ ನಾನೇ 60 ಬಿಲ್ಲು ಹಾಕಿದೆ. ಮೊನ್ನೆ ಅದನ್ನೂ ಪರೀಕ್ಷೆ ಮಾಡಿದೆ, ಎರಡು ತಪ್ಪು! ಹಾಗಾಗಿ ಸೊನ್ನೆಯ ಮಾತು ಬಿಡೋಣ. ಆಗಸ್ಟ್‌ನಲ್ಲಿ ನೂರಕ್ಕೆ 6, ಸೆಪ್ಟೆಂಬರ್‌ನಲ್ಲಿ 4, ಅಕ್ಟೋಬರ್‌ನಲ್ಲಿ 3. ಇದಕ್ಕಿಂತ ಹೆಚ್ಚಾಗಬಾರದು. ಕೊನೆಯ ಗುರಿ ಹೆಚ್ಚುಕಡಿಮೆ ನನ್ನ ಮಟ್ಟದ್ದೇ.

ತಪ್ಪು ಎಂದರೆ ಯಾವುದು ಎಂಬುದು ಮೊದಲೇ ಗೊತ್ತಿರಲಿ. ಜಿಎಸ್‌ಟಿ ನಂಬರ್, ಬಿಲ್ ನಂಬರ್, ಬಿಲ್ ತಾರೀಕು, ಮೊತ್ತ, ತೆರಿಗೆಯ ಬಗೆ, ಈ ಐದರಲ್ಲಿ ಒಂದು ತಪ್ಪಾದರೂ ಒಂದು ತಪ್ಪು. ಒಂದೇ ಬಿಲ್ಲು ಎರಡು ಸಲ ಎಂಟ್ರಿ ಆದರೆ ಅದೂ ಒಂದು. ವೆಂಡರ್ ತನ್ನ ಜಿಎಸ್‌ಟಿಆರ್-1 ತಡವಾಗಿ ಸಲ್ಲಿಸಿ 2ಬಿಯಲ್ಲಿ ಬಿಲ್ಲು ಕಾಣದಿದ್ದರೆ ಅದು ನಿಮ್ಮ ತಪ್ಪಲ್ಲ. ವೆಂಡರೇ ನಮ್ಮ ನಂಬರ್ ತಪ್ಪು ಬರೆದಿದ್ದರೂ ನಿಮ್ಮದಲ್ಲ. ಮುಂದಿನ ತಿಂಗಳ 12ನೇ ತಾರೀಕಿನೊಳಗೆ ನೀವಾಗಿಯೇ ಕಂಡುಹಿಡಿದು ಸರಿಪಡಿಸಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರತಿ ತಿಂಗಳು 14ಕ್ಕೆ 2ಬಿ ಬಂದ ಮೇಲೆ ನಾವಿಬ್ಬರೂ ಒಟ್ಟಿಗೆ ತಾಳೆ ನೋಡುತ್ತೇವೆ. ಸಿಕ್ಕ ತಪ್ಪನ್ನು ಇಬ್ಬರಿಗೂ ತೆರೆಯುವ ಒಂದೇ ಶೀಟಿನಲ್ಲಿ ಬರೆಯುತ್ತೇನೆ. ಯಾವುದಾದರೂ ತಪ್ಪು ನಿಮ್ಮದಲ್ಲ ಎನಿಸಿದರೆ ಪಕ್ಕದ ಕಾಲಮ್ಮಿನಲ್ಲಿ ಬರೆಯಿರಿ. ಒಪ್ಪಂದ ಆಗದಿದ್ದರೆ ನಮ್ಮ ಸಿಎ ಆಫೀಸಿನವರು ಹೇಳಿದ್ದೇ ಅಂತಿಮ.

*ಹಣ ಪಾವತಿ.* ಜಿಆರ್‌ಎನ್ ಕೈಗೆ ಬಂದ ಮೂರು ಕೆಲಸದ ದಿನದೊಳಗೆ ಬಿಲ್ಲು ಎಂಟ್ರಿ ಆಗಬೇಕು. ಪ್ರತಿ ಸೋಮವಾರ ಸಂಜೆ 5ರೊಳಗೆ ಸಣ್ಣ ಉದ್ದಿಮೆಗಳ ಬಾಕಿ ಪಟ್ಟಿ, ಕೊನೆಯ ದಿನದ ಸಮೇತ, ನನಗೆ ಬರಬೇಕು. ನಮ್ಮ ಒಪ್ಪಂದ ಪತ್ರಗಳಲ್ಲಿ 45 ದಿನ ಎಂದಿದೆ. ವರ್ಷದ ಕೊನೆಗೆ ಆ ಅವಧಿ ದಾಟಿದ ಬಾಕಿ ಉಳಿದರೆ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. ಈ ನಿಯಮ ಬಂದ ಮೇಲೆ ಸಾಹೇಬರು ಇದರ ಬಗ್ಗೆ ಎಷ್ಟು ಕೇಳುತ್ತಾರೆ ಎಂಬುದು ನಿಮಗೂ ಗೊತ್ತು. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ನಿಮ್ಮ ಮೇಜಿನ ಕಾರಣಕ್ಕೆ 45 ದಿನ ದಾಟಿದ ಬಿಲ್ಲು ಒಂದೂ ಇರಬಾರದು. ಪಟ್ಟಿ ನನ್ನ ಹತ್ತಿರ ಬಂದ ಮೇಲೆ ತಡವಾದರೆ ಅದು ನನ್ನ ಲೆಕ್ಕಕ್ಕೆ.

*ಹಾಜರಿ.* ತಿಂಗಳಿಗೆ ಎರಡು ದಿನಕ್ಕಿಂತ ಹೆಚ್ಚು ತಡ ಆಗಬಾರದು. ತಡ ಎಂದರೆ ಕೆಳಗೆ ಬರೆದಿರುವ ಹೊಸ ಸಮಯಕ್ಕಿಂತ ಹತ್ತು ನಿಮಿಷ ಮೇಲೆ. ಮೆಟ್ರೋ ನಿಂತರೆ ಒಂದು ಮೆಸೇಜ್ ಸಾಕು, ಆ ದಿನ ಲೆಕ್ಕಕ್ಕಿಲ್ಲ.

ನಾವು ಕೊಡುವುದು

ಇದು ನಾವು ಬರವಣಿಗೆಯಲ್ಲಿ ಕೊಡುತ್ತಿರುವ ಮಾತು.

ಆಗಸ್ಟ್ 6 ಮತ್ತು 13, ಎರಡು ಬುಧವಾರ ಬೆಳಿಗ್ಗೆ, ಸಿಎ ಆಫೀಸಿನಿಂದ ಒಬ್ಬರು ಬಂದು ನಿಮ್ಮ ಜೊತೆ ಕೂರುತ್ತಾರೆ. ಪುಸ್ತಕದ ಪಾಠ ಬೇಡ ಎಂದು ಹೇಳಿದ್ದೇನೆ. ನಮ್ಮದೇ ತಪ್ಪಾದ 14 ಬಿಲ್ಲುಗಳನ್ನು ಇಟ್ಟುಕೊಂಡು ಹೇಳಿಕೊಡುತ್ತಾರೆ. ಈ ತರಬೇತಿ ಮುಗಿಯುವವರೆಗೆ, ಅಂದರೆ ಆಗಸ್ಟ್ 13ರವರೆಗೆ ಹಾಕಿದ ಬಿಲ್ಲುಗಳ ತಪ್ಪನ್ನು ಎಣಿಸುವುದಿಲ್ಲ.

ಆಗಸ್ಟ್ 11ರಿಂದ ಪೆಟ್ಟಿ ಕ್ಯಾಶ್ ಮತ್ತು ಖರ್ಚಿನ ವೋಚರ್ ಡಿಸ್ಪ್ಯಾಚ್ ಬಿಲ್ಲಿಂಗ್‌ನವರಿಗೆ ಹೋಗುತ್ತದೆ. ಬೆಳಿಗ್ಗೆ 10ರಿಂದ 12.30ರವರೆಗೆ ವೆಂಡರ್‌ಗಳ ಫೋನ್ ರಿಸೆಪ್ಶನ್‌ನಲ್ಲಿ ಬರೆದುಕೊಳ್ಳುತ್ತಾರೆ. ಆ ಎರಡೂವರೆ ಗಂಟೆ ಎಂಟ್ರಿಗೆ ಮಾತ್ರ. ನಾನೂ ನಿಮ್ಮನ್ನು ಕರೆಯುವುದಿಲ್ಲ. ಕರೆದರೆ ನೆನಪಿಸಿ, ಹಳೇ ಅಭ್ಯಾಸ.

ಟ್ಯಾಲಿಯಲ್ಲಿ ಒಂದೇ ವೆಂಡರ್‌ಗೆ ಎರಡೆರಡು ಲೆಡ್ಜರ್ ಇರುವ ಒಂಬತ್ತು ಕಡೆ ಸಿಕ್ಕಿವೆ. ಬಿಲ್ಲು ಎರಡು ಸಲ ಎಂಟ್ರಿ ಆಗಲು ಇದೂ ದಾರಿ. ಅವನ್ನು ಒಂದು ಮಾಡಿ, ಎಲ್ಲ ವೆಂಡರ್‌ಗಳ ಜಿಎಸ್‌ಟಿ ನಂಬರ್ ಪರಿಶೀಲಿಸುವುದು ನನ್ನ ಕೆಲಸ. ಆಗಸ್ಟ್ 20ರೊಳಗೆ ಮುಗಿಸುತ್ತೇನೆ.

ನಿಮ್ಮ ಕೆಲಸದ ಸಮಯ ಇಂದಿನಿಂದ 9.30ರಿಂದ 6. ನೆಲಮಂಗಲದಿಂದ ಬಸ್ಸಿನಲ್ಲಿ ಮಾದಾವರಕ್ಕೆ ಬಂದು ಮೆಟ್ರೋ ಹಿಡಿದು ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿಯುವವರಿಗೆ 9 ಗಂಟೆ ಕಷ್ಟ ಎಂದು ನೀವು ಮಾರ್ಚ್‌ನಲ್ಲೇ ಹೇಳಿದ್ದಿರಿ. ಮನೆಯ ಕಾರಣಗಳನ್ನು ಇಲ್ಲಿ ಬರೆಯಬೇಕಿಲ್ಲ, ನಾನು ಕೇಳುವುದೂ ಇಲ್ಲ.

ಯಾವಾಗ ಕೂರೋಣ

ಪ್ರತಿ ಮಂಗಳವಾರ ಸಂಜೆ 4ಕ್ಕೆ 20 ನಿಮಿಷ. ಆಗಸ್ಟ್ 26 ಗೌರಿ ಹಬ್ಬ, ಆ ವಾರ ಸೋಮವಾರವೇ ಕೂರೋಣ. ಇದು ಮಾತುಕತೆ ಅಷ್ಟೇ, ಅಂಕ ಹಾಕುವುದಿಲ್ಲ.

ಬರೆದಿಡುವ ರಿವ್ಯೂ ನಾಲ್ಕು:

- 22 ಆಗಸ್ಟ್, ಶುಕ್ರವಾರ. ಇದು ನಿಮ್ಮ ರಿವ್ಯೂ ಅಲ್ಲ, ನಮ್ಮದು. ಮೇಲೆ ಕೊಟ್ಟ ಮಾತಿನಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ನೀವು ಬರೆದುಕೊಂಡು ಬನ್ನಿ.
- 23 ಸೆಪ್ಟೆಂಬರ್, ಮಂಗಳವಾರ. ಆಗಸ್ಟ್ ಬಿಲ್ಲುಗಳು.
- 24 ಅಕ್ಟೋಬರ್, ಶುಕ್ರವಾರ. ಸೆಪ್ಟೆಂಬರ್ ಬಿಲ್ಲುಗಳು. ದೀಪಾವಳಿ ಮುಗಿದಿರುತ್ತದೆ.
- 24 ನವೆಂಬರ್, ಸೋಮವಾರ. ಅಕ್ಟೋಬರ್ ಬಿಲ್ಲುಗಳು, ಮತ್ತು ಕೊನೆಯ ತೀರ್ಮಾನ.

ಬಿಲ್ಲು ನೋಡುವ ಮೂರು ತಾರೀಕನ್ನೂ 20ರ 3ಬಿ ಸಲ್ಲಿಕೆಯ ನಂತರ ಇಟ್ಟಿದ್ದೇನೆ. ಅದಕ್ಕೂ ಮುಂಚೆ ಕೂತರೆ ಇಬ್ಬರಿಗೂ ತಲೆ ನಿಲ್ಲುವುದಿಲ್ಲ, ಅಲ್ವಾ? ಪ್ರತಿ ರಿವ್ಯೂ ಆದ ಎರಡು ದಿನದೊಳಗೆ ಏನು ಮಾತಾಯಿತು ಎಂಬುದನ್ನು ಒಂದು ಪುಟದಲ್ಲಿ ಬರೆದು ನಿಮಗೆ ಕೊಡುತ್ತೇನೆ. ಬೇಕಿದ್ದರೆ ನಿಮ್ಮ ಜೊತೆ ಒಬ್ಬ ಸಹೋದ್ಯೋಗಿಯನ್ನು ಕರೆದುಕೊಂಡು ಬರಬಹುದು.

ಆಮೇಲೆ ಏನು

ಅಕ್ಟೋಬರ್ ಗುರಿ ಮುಟ್ಟಿದರೆ ಯೋಜನೆ ಅಲ್ಲಿಗೆ ಮುಗಿಯುತ್ತದೆ. ಮುಗಿಯಿತು ಎಂದು ಬರೆದು ಕೊಡುತ್ತೇನೆ. ಮುಂದಿನ ಇನ್‌ಕ್ರಿಮೆಂಟ್ ಸಮಯದಲ್ಲಿ ಇದನ್ನು ಎತ್ತುವುದಿಲ್ಲ. ನೂರಕ್ಕೆ 3 ದಾಟಿ 5ರೊಳಗೆ ಇದ್ದರೆ ಇನ್ನೊಂದು ತಿಂಗಳು, ಡಿಸೆಂಬರ್ 24ರವರೆಗೆ ಮುಂದುವರಿಸೋಣ. ಅದಕ್ಕಿಂತ ಹೆಚ್ಚಿದ್ದರೆ ಬೇರೆ ಕೆಲಸಕ್ಕೆ, ಉದಾಹರಣೆಗೆ ಡಿಸ್ಪ್ಯಾಚ್ ಬಿಲ್ಲಿಂಗ್‌ಗೆ, ಇದೇ ಸಂಬಳದಲ್ಲಿ ಬದಲಾಯಿಸುವ ಬಗ್ಗೆ ಮಾತಾಡೋಣ. ಅದೂ ಹೊಂದದಿದ್ದರೆ ಕೆಲಸ ಮುಂದುವರಿಯುತ್ತದೋ ಇಲ್ಲವೋ ಎಂಬ ಪ್ರಶ್ನೆ ಬರಬಹುದು. ಇದನ್ನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೆ ಬೇರೆ ನೋಟಿಸ್ ಕೊಡಬೇಕು, ನಿಮ್ಮ ಮಾತು ಕೇಳಬೇಕು. ಈ ಪತ್ರ ಆ ನೋಟಿಸ್ ಅಲ್ಲ.

ನಾವು ಕೊಡುತ್ತೇವೆ ಎಂದ ಯಾವುದಾದರೂ ತಡವಾದರೆ ಅಷ್ಟು ದಿನ ನಿಮ್ಮ ಗಡುವಿಗೆ ಸೇರುತ್ತದೆ. ಈ ಅವಧಿಯಲ್ಲಿ ಸಂಬಳ ಕಡಿತ ಇಲ್ಲ, ರಜೆಗೆ ಅಡ್ಡಿ ಇಲ್ಲ.

ಈ ಪತ್ರ ನೋಡುವವರು ಮೂವರು: ನೀವು, ನಾನು, ಎಚ್‌ಆರ್. ಜುಲೈ 28ರ ಪತ್ರವನ್ನು ಎಲ್ಲರ ಎದುರಿಗೆ ನಿಮ್ಮ ಮೇಜಿನ ಮೇಲೆ ಇಟ್ಟದ್ದಕ್ಕೆ ಕ್ಷಮೆ ಇರಲಿ.

ಆಗಸ್ಟ್ 9, ಶನಿವಾರದವರೆಗೆ ಇಟ್ಟುಕೊಂಡು ಓದಿ. ಸಂಖ್ಯೆಯಲ್ಲಿ ತಪ್ಪಿದ್ದರೆ, ಗುರಿ ಆಗದ ಮಾತು ಎನಿಸಿದರೆ, ಪತ್ರದ ಹಿಂಬದಿಯಲ್ಲಿ ಬರೆಯಿರಿ. ಅದೂ ಈ ಪತ್ರದ ಭಾಗವಾಗಿ ಫೈಲಿಗೆ ಹೋಗುತ್ತದೆ. ನನ್ನ ಜೊತೆ ಮಾತಾಡಲು ಇಷ್ಟವಿಲ್ಲದಿದ್ದರೆ ನೇರವಾಗಿ ಜನರಲ್ ಮ್ಯಾನೇಜರ್ ಹತ್ತಿರ ಹೋಗಬಹುದು, ಅವರಿಗೆ ಹೇಳಿಟ್ಟಿದ್ದೇನೆ. ನಿಮ್ಮ ಸಹಿ ಎಂದರೆ ಓದಿದ್ದೀರಿ ಎಂದಷ್ಟೇ ಅರ್ಥ, ಎಲ್ಲವನ್ನೂ ಒಪ್ಪಿದ್ದೀರಿ ಎಂದಲ್ಲ.

ಬುಧವಾರ ಬೆಳಿಗ್ಗೆ ಹೊಸೂರಿನ ಬಿಲ್ಲುಗಳ ಫೈಲನ್ನು ನಾನೇ ತೆಗೆದಿಟ್ಟಿರುತ್ತೇನೆ. ನೀವು ಹುಡುಕಬೇಕಾಗಿಲ್ಲ.

ಅಕೌಂಟ್ಸ್ ಮ್ಯಾನೇಜರ್