ಬೇಸರದಿಂದ ರೌದ್ರದವರೆಗೆ: ಎಂಟನೇ ತರಗತಿ ಕೂಡಿಸಿದ ಸಿಟ್ಟಿನ ಪದಗಳು

ಮಕ್ಕಳೇ, ಸಿಟ್ಟಿಗೆ ಎಷ್ಟು ಪದ ಇವೆ ಅಂತ ಮನೆಯಲ್ಲಿ ಕೇಳಿ ಬರೆದುಕೊಂಡು ಬನ್ನಿ ಅಂದಿದ್ದೆ. ನಿಮ್ಮ ಚೀಟಿಗಳಲ್ಲಿ 31 ಪದ ಬಂದವು. ಎರಡೆರಡು ಸಲ ಬಂದವನ್ನು ಬಿಟ್ಟು 16 ಉಳಿಸಿದ್ದೇನೆ. ಕಡಿಮೆಯಿಂದ ಜಾಸ್ತಿಗೆ ಹೀಗೆ ಬರೆದುಕೊಳ್ಳಿ:

ಬೇಸರ, ನಾರಾಜ್, ಮುನಿಸು, ಕಿರಿಕಿರಿ, ಸಿಡುಕು, ಸಿಟ್ಟು, ಕೋಪ, ರೇಗುವುದು, ಕೆರಳುವುದು, ರೋಷ, ಆಕ್ರೋಶ, ರೊಚ್ಚು, ಕಿಡಿಕಿಡಿ, ಕೆಂಡಾಮಂಡಲ, ಕ್ರೋಧ, ರೌದ್ರ.

ಯಾವುದು ಮೇಲೆ, ಯಾವುದು ಕೆಳಗೆ ಅಂತ ಹೇಗೆ ಗೊತ್ತಾಯಿತು? ಎರಡು ಪದ ತಗೊಂಡು ಒಂದೇ ವಾಕ್ಯದಲ್ಲಿ ಹಾಕಿ. ‘ಅಪ್ಪನಿಗೆ ಬಂದಿದ್ದು ಬರೀ ಸಿಟ್ಟಲ್ಲ, ಕೆಂಡಾಮಂಡಲವೇ ಆದರು’ ಅಂದರೆ ಸರಿ ಅನಿಸುತ್ತದೆ. ‘ಅಪ್ಪ ಬರೀ ಕೆಂಡಾಮಂಡಲ ಆಗಲಿಲ್ಲ, ಸಿಡುಕಿದರು’ ಅಂದು ನೋಡಿ. ಕಿವಿಗೆ ಒಗ್ಗಲ್ಲ, ಅಲ್ವಾ? ‘ಬರೀ’ ಆದಮೇಲೆ ಬರುವ ಪದ ಯಾವಾಗಲೂ ಚಿಕ್ಕದು. ನಿಮ್ಮ ಕಿವಿಯನ್ನೇ ನಂಬಿ.

ನಾರಾಜ್ ಬರೆದ ಹುಡುಗಿ ‘ಸರ್, ಇದು ಕನ್ನಡನಾ?’ ಅಂತ ಅಂಜುತ್ತಲೇ ಕೇಳಿದಳು. ಹೌದಮ್ಮ, ನಮ್ಮ ಕಲಬುರಗಿಯ ಕನ್ನಡ. 1948ರವರೆಗೆ ಈ ಭಾಗ ನಿಜಾಮರ ಹೈದರಾಬಾದಿಗೆ ಸೇರಿತ್ತು. ಆಗ ಕಚೇರಿಯಲ್ಲೂ ಶಾಲೆಯಲ್ಲೂ ಉರ್ದು ಇತ್ತು. ಎಷ್ಟೋ ಪದ ನಮ್ಮ ಮನೆಯೊಳಗೂ ಬಂದು ಉಳಿದವು. ‘ನಾ’ ಅಂದರೆ ಇಲ್ಲ. ರಾಜಿ ನಿಮಗೆ ಗೊತ್ತೇ ಇದೆ. ರಾಜಿ ಆಗದವರು ನಾರಾಜ್. ಮದುವೆ ಕಾರ್ಡನ್ನು ಕೈಯಲ್ಲಿ ಕೊಡದೆ ಯಾರ ಹತ್ತಿರವೋ ಕಳಿಸಿದರೆ ‘ಕಾಕಾ ನಮ್ಮ ಮ್ಯಾಲ ನಾರಾಜ್ ಆಗ್ಯಾರ’ ಅನ್ನುತ್ತೇವೆ. ಕಾಕಾ ಕೂಗಾಡಿಲ್ಲ, ಜಗಳ ಆಡಿಲ್ಲ. ಮನೆಗೆ ಬರುವುದನ್ನು ಬಿಟ್ಟಿದ್ದಾರೆ, ಅಷ್ಟೇ. ಒಮ್ಮೆ ಹೋಗಿ ಕರೆದರೆ ಸರಿಹೋಗುತ್ತದೆ. ಅದಕ್ಕೇ ಎರಡನೇ ಜಾಗ.

ಮುನಿಸಿನ ಜಾಗ ಹುಡುಕಲು ನನಗೆ ಎರಡು ದಿನ ಬೇಕಾಯಿತು. ಈಗ ಮುನಿಸು ಅಂದರೆ ಗೆಳತಿ ಮುಖ ಊದಿಸಿಕೊಂಡು ಮಾತು ಬಿಡುವುದು. ಆದರೆ 12ನೇ ಶತಮಾನದಲ್ಲಿ ಬಸವಣ್ಣನವರು ‘ತನಗೆ ಮುನಿವರಿಗೆ ತಾ ಮುನಿಯಲೇಕಯ್ಯಾ’ ಅಂದಾಗ ಅದು ಪೂರ್ತಿ ಕೋಪವೇ. ಅದೇ ವಚನದಲ್ಲಿ ಮುಂದೆ ‘ತನುವಿನ ಕೋಪ’, ‘ಮನದ ಕೋಪ’ ಅಂತ ಬರುತ್ತದೆ, ನೋಡಿ. ‘ಹರ ಮುನಿದರೆ ಗುರು ಕಾಯ್ವ’ ಅನ್ನುವ ಗಾದೆಯಲ್ಲೂ ಹರ ಮುಖ ಊದಿಸಿಕೊಂಡು ಕೂತಿಲ್ಲ. ಅಂದರೆ ‘ಮುನಿ’ ಅನ್ನುವ ಕ್ರಿಯಾಪದದಲ್ಲಿ ಹಳೆಯ ಬಿಸಿ ಉಳಿದಿದೆ. ‘ಮುನಿಸು’ ಮಾತ್ರ ಆರಿ ತಣ್ಣಗಾಗಿದೆ. ಪದಕ್ಕೂ ವಯಸ್ಸಾಗುತ್ತದೆ ಅಂತ ತಿಳಿದು ನನಗೆ ತುಂಬಾ ಖುಷಿಯಾಯಿತು. ನಾವು ಇಂದಿನ ಬಳಕೆ ನೋಡಿ ಮೂರನೇ ಜಾಗ ಕೊಟ್ಟಿದ್ದೇವೆ.

ಸಿಡುಕು ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಚಟಪಟ ಅಂದು ಮುಗಿಯುತ್ತದೆ.

ಸಿಟ್ಟು ಮತ್ತು ಕೋಪ ಒಂದೇ ಅಂತ ಅರ್ಧ ತರಗತಿ ವಾದ ಮಾಡಿತು. ತೂಕದಲ್ಲಿ ಒಂದೇ, ಒಪ್ಪುತ್ತೇನೆ. ಆದರೆ ನಮ್ಮ ಬಾಯಲ್ಲಿ ದಿನವೂ ಇರುವುದು ಸಿಟ್ಟು. ‘ಅಪ್ಪಗ ಸಿಟ್ಟ ಬಂದದ’ ಅನ್ನುತ್ತೇವೆ, ಕೋಪ ಬಂದದ ಅನ್ನುವುದು ಕಡಿಮೆ. ಕೋಪ ನಮಗೆ ಜಾಸ್ತಿ ಪುಸ್ತಕದಲ್ಲಿ ಸಿಗುತ್ತದೆ. ಅದಕ್ಕೇ ಅಕ್ಕಪಕ್ಕ ಇಟ್ಟೆ.

ರೋಷ ಬರುವುದು ಮಾನಕ್ಕೆ ಪೆಟ್ಟು ಬಿದ್ದಾಗ. ಆಕ್ರೋಶದಲ್ಲಿ ಕೂಗು ಇರಲೇಬೇಕು, ಆ ಪದದ ಬೇರೇ ಕೂಗುವುದು. ಒಳಗೊಳಗೇ ಯಾರೂ ಆಕ್ರೋಶ ಪಡುವುದಿಲ್ಲ. ತೊಗರಿ ಬೆಲೆ ಬಿದ್ದಾಗ ಪತ್ರಿಕೆಯಲ್ಲಿ ‘ರೈತರ ಆಕ್ರೋಶ’ ಅಂತ ಬರುವುದನ್ನು ನೋಡಿದ್ದೀರಿ. ಅಲ್ಲಿ ‘ರೈತರ ಮುನಿಸು’ ಅಂತ ಬರೆದರೆ ಅವರ ನೋವನ್ನೇ ಚಿಕ್ಕದು ಮಾಡಿದಂತೆ. ಜನ ಇನ್ನು ಮಾತಿಗೆ ನಿಲ್ಲುವುದಿಲ್ಲ ಅಂತಾದರೆ ‘ರೊಚ್ಚಿಗೆದ್ದರು’ ಅನ್ನಬೇಕು.

ಕಿಡಿಕಿಡಿ, ಕೆಂಡಾಮಂಡಲ ಎರಡೂ ಬೆಂಕಿಯಿಂದ ಬಂದವು. ಕಿಡಿ ಹಾರಿ ಆರುತ್ತದೆ, ಕೆಂಡ ಬೇಗ ಆರುವುದಿಲ್ಲ.

ಕ್ರೋಧ ಅದಕ್ಕೂ ಮೇಲೆ ಯಾಕೆ? ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಅಂತ ಆರು ವೈರಿಗಳಲ್ಲಿ ಅದನ್ನೂ ಎಣಿಸಿದ್ದಾರೆ. ಹೊರಗೆ ಕಾಣದೆಯೂ ವರ್ಷಗಟ್ಟಲೆ ಉಳಿಯಬಲ್ಲದು. ಅದೇ ಕ್ರೋಧ ರಂಗದ ಮೇಲೆ ಮೈ ತುಂಬಿ ನಿಂತರೆ ರೌದ್ರ, ನವರಸಗಳಲ್ಲಿ ಒಂದು. ಬಯಲಾಟದಲ್ಲಿ ಭೀಮ ಗದೆ ಎತ್ತಿ ದುಶ್ಶಾಸನನ ಮುಂದೆ ನಿಲ್ಲುವುದನ್ನು ನೆನೆಸಿಕೊಳ್ಳಿ.

ಒಂದು ಪದ ಬಾಕಿ ಇದೆ, ಗುಸ್ಸಾ. ಕೊನೆಯ ಬೆಂಚಿನ ಹುಡುಗ ಅದು ಸಿಟ್ಟಿಗಿಂತ ದೊಡ್ಡದು ಅನ್ನುತ್ತಾನೆ. ಅವನ ಪಕ್ಕದವನು ಎರಡೂ ಸಮ ಅನ್ನುತ್ತಾನೆ. ‘ಬರೀ’ ಹಾಕಿ ಮನೆಯಲ್ಲಿ ಹೇಳಿಸಿ ನೋಡಿ. ಸೋಮವಾರ ಅದಕ್ಕೆ ಜಾಗ ಕೊಡೋಣ.